ಎಣ್ಣೆ ಬಾಟಲಿಯಲ್ಲಿ ತಂದ ಹೊಳೆಯ ನೀರು

ಕಳೆದ ಬೇಸಿಗೆಯ ಒಂದು ಮುಂಜಾನೆ, ನಾನಿನ್ನೂ ಕಾಫಿ ಕುಡಿದಿರಲಿಲ್ಲ, ಫೋನು ಬಂದಿತು. ಅತ್ತ ಕಡೆಯ ದನಿ ಪರಿಚಯವನ್ನೂ ಹೇಳದೆ, "ಮೇಷ್ಟ್ರೇ, ಹೊಳೇಲಿ ಮತ್ತೆ ಮೀನು ಸಾಯ್ತಾ ಇದಾವೆ" ಎಂದಿತು. "ಮತ್ತೆ" ಎಂಬ ಆ ಒಂದು ಮಾತಿನಿಂದಲೇ ಕರೆ ಮಾಡಿದವನು ಯಾರೆಂದು ನನಗೆ ತಿಳಿಯಿತು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಎರಡನೆಯ ಸಾಲಿನಲ್ಲಿ ಕುಳಿತು ನನ್ನನ್ನು ಒಂದು ಪ್ರಶ್ನೆ ಕೇಳಿದ್ದ ಹುಡುಗ ಅವನು. ಆ ಪ್ರಶ್ನೆಗೆ ನಾನು ಅಂದು ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಆ ಸಂಗತಿಯನ್ನು ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಓದುವ ಈ ಪುಟದಲ್ಲಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಹೊಳೆಯ ಹೆಸರನ್ನಾಗಲಿ ಕಾರ್ಖಾನೆಯ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಏಕೆ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಅದು 1996ರ ಫೆಬ್ರವರಿ. ಕಬ್ಬು ಅರೆಯುವ ಕಾಲ. ನಮ್ಮ ಶಾಲೆಯಿಂದ ಅರ್ಧ ಮೈಲಿ ದೂರದಲ್ಲಿ ಹೊಳೆ; ಅದರ ಮೇಲ್ಗಡೆ ಏಳೆಂಟು ಮೈಲಿಯಲ್ಲಿ ಸಕ್ಕರೆ ಕಾರ್ಖಾನೆ, ಅದಕ್ಕೆ ಹೊಂದಿಕೊಂಡು ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿ. ಒಂದು ಬೆಳಿಗ್ಗೆ ಹೊಳೆಯ ನೀರು ಕಷಾಯದ ಬಣ್ಣಕ್ಕೆ ತಿರುಗಿ, ದಡದುದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ಹುಡುಗನ ತಂದೆ ಬೆಸ್ತರು. ಬಲೆ ಬೀಸಿಯೇ ಮನೆ ನಡೆಸುತ್ತಿದ್ದವರು. ಅದೇ ವಾರ ನಾನು ನೀರಿನ ಮಾಲಿನ್ಯದ ಪಾಠ ಮಾಡಿದ್ದೆ. ಹುಡುಗ ಎದ್ದು ನಿಂತು, "ಸರ್, ಬಿಒಡಿ ಅಂತ ಹೇಳಿದ್ರಲ್ಲ, ನಮ್ಮ ಹೊಳೇದು ಈಗ ಎಷ್ಟು?" ಎಂದು ಕೇಳಿದ.

ನಾನು ಉತ್ಸಾಹದಲ್ಲಿ, "ನೋಡೋಣ ಕಣಯ್ಯಾ" ಎಂದೆ. ಮಾರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಹೊಳೆಗೆ ಹೋಗಿ, ಮನೆಯಿಂದ ತೊಳೆದು ತಂದಿದ್ದ ಕಡಲೆಕಾಯಿ ಎಣ್ಣೆಯ ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರು ತುಂಬಿಕೊಂಡು ಬಂದೆ. ಎರಡು ದಿನ ಅದು ಪ್ರಯೋಗಶಾಲೆಯ ಕಪಾಟಿನಲ್ಲಿತ್ತು. ಶನಿವಾರ ಬಸ್ಸು ಹತ್ತಿ ಜಿಲ್ಲಾ ಕೇಂದ್ರದ ಕಚೇರಿಗೆ ಅದನ್ನು ಒಯ್ದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯರೇ. ಬಾಟಲಿಯನ್ನು ಮೇಜಿನ ಮೇಲಿಟ್ಟು ನೋಡಿ, "ಮೇಷ್ಟ್ರೇ, ಇದರಿಂದ ಏನೂ ಆಗೋದಿಲ್ಲ" ಎಂದರು. ನನಗೆ ಅವಮಾನವಾದಂತಾಯಿತು. ಅವರು ಕಾರ್ಖಾನೆಯ ಪರವಾಗಿದ್ದಾರೆಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಅವರ ಮಾತು ಅಕ್ಷರಶಃ ಸತ್ಯವಾಗಿತ್ತೆಂದು ಅರ್ಥವಾಗಲು ನನಗೆ ಬಹುಕಾಲ ಬೇಕಾಯಿತು.

ಬಿಒಡಿ ಎಂದರೆ ಜೈವಿಕ ಆಮ್ಲಜನಕ ಬೇಡಿಕೆ. ನೀವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ಆದರೆ ಅದರ ಹಿಂದಿನ ಲೆಕ್ಕವನ್ನು ನಾನು ಅಂದು ಕರಿಹಲಗೆಯ ಮೇಲೆ ಮಾಡಿ ತೋರಿಸಿರಲಿಲ್ಲ. ಈಗ ಮಾಡೋಣ.

ಬೇಸಿಗೆಯ ನಮ್ಮ ಹೊಳೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 7 ಮಿಲಿಗ್ರಾಮಿನಷ್ಟು ಆಮ್ಲಜನಕ ಕರಗಿರುತ್ತದೆ. ನೀರು ಬಿಸಿಯಾದಷ್ಟೂ ಅದು ಕಡಿಮೆ. ಮೀನು ಉಸಿರಾಡುವುದು ಇದನ್ನೇ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಸೆಕೆಂಡಿಗೆ 1,000 ಲೀಟರ್ ಹರಿಯುವ ಬಡಕಲು ಹೊಳೆಯೆಂದು ಭಾವಿಸಿ. ಒಂದು ಗಂಟೆಯಲ್ಲಿ ಹರಿಯುವ ನೀರು 36 ಲಕ್ಷ ಲೀಟರ್. ಅದರಲ್ಲಿ ಕರಗಿರುವ ಒಟ್ಟು ಆಮ್ಲಜನಕ ಸುಮಾರು 25 ಕಿಲೋಗ್ರಾಂ. ಅಷ್ಟೊಂದು ನೀರಿಗೆ ಇಷ್ಟೇ ಉಸಿರು!

ಇನ್ನು ಡಿಸ್ಟಿಲರಿಯ ಕಡೆಗೆ ಬನ್ನಿ. ಹುದುಗಿಸಿದ ಕಾಕಂಬಿಯಿಂದ ಮದ್ಯಸಾರವನ್ನು ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಂದು ದ್ರವಕ್ಕೆ ಸ್ಪೆಂಟ್ ವಾಶ್ ಎನ್ನುತ್ತಾರೆ. ಒಂದು ಲೀಟರ್ ಮದ್ಯಸಾರಕ್ಕೆ ಹತ್ತು ಹದಿನೈದು ಲೀಟರಿನಷ್ಟು ಇದು ಉಳಿಯುತ್ತದೆ. ಬಿಸಿಯಾಗಿ, ಹುಳಿಯಾಗಿ ಬರುವ ಈ ದ್ರವದ ಬಿಒಡಿ, ಸಂಸ್ಕರಿಸುವ ಮೊದಲು, ಲೀಟರಿಗೆ ಸುಮಾರು 40,000 ಮಿಲಿಗ್ರಾಂ. ನದಿಗೆ ಬಿಡುವ ತ್ಯಾಜ್ಯ ನೀರಿಗೆ 1986ರ ಪರಿಸರ ಸಂರಕ್ಷಣಾ ನಿಯಮಗಳು ನಿಗದಿಪಡಿಸಿದ ಸಾಮಾನ್ಯ ಮಿತಿ 30 ಮಿಲಿಗ್ರಾಂ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಒಂದು ಟ್ಯಾಂಕರ್, ಅಂದರೆ 10,000 ಲೀಟರ್, ಸ್ಪೆಂಟ್ ವಾಶ್ ಒಂದು ಗಂಟೆಯ ಅವಧಿಯಲ್ಲಿ ಹೊಳೆ ಸೇರಿತೆನ್ನಿ. ಅದನ್ನು ಕೊಳೆಸಲು ಸೂಕ್ಷ್ಮಾಣುಜೀವಿಗಳಿಗೆ ಬೇಕಾಗುವ ಆಮ್ಲಜನಕ 400 ಕಿಲೋಗ್ರಾಂ. ಆ ಗಂಟೆಯ ನೀರಿನಲ್ಲಿರುವುದು 25. ಗಾಳಿಯಿಂದ ಸ್ವಲ್ಪ ಸ್ವಲ್ಪವಾಗಿ ಆಮ್ಲಜನಕ ಮತ್ತೆ ಕರಗುತ್ತಿರುತ್ತದೆ, ನಿಜ. ಆದರೆ ಸಾಲ ತೀರಿಸುವ ವೇಗಕ್ಕಿಂತ ಬಡ್ಡಿ ಏರುವ ವೇಗ ಹೆಚ್ಚಾದ ಮನೆಯ ಸ್ಥಿತಿ ಆ ಹೊಳೆಯದಾಗುತ್ತದೆ.

ಹೊಳೆಗೆ ಸೇರಿದ ವಸ್ತು ವಿಷವೇ ಆಗಿರಬೇಕೆಂದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 2018ರ ಮೇ ತಿಂಗಳಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ತೊಟ್ಟಿಯಿಂದ ಕಾಕಂಬಿ ಹೊರಬಂದು ಬಿಯಾಸ್ ನದಿಯನ್ನು ಸೇರಿತು. ಕಾಕಂಬಿಯೆಂದರೆ ದನಗಳ ಮೇವಿಗೂ ಬೆರೆಸುವ ಸಿಹಿ ಪದಾರ್ಥ. ಆದರೂ ನದಿ ಕಂದು ಬಣ್ಣಕ್ಕೆ ತಿರುಗಿ, ಲೆಕ್ಕವಿಲ್ಲದಷ್ಟು ಮೀನುಗಳು ಉಸಿರುಗಟ್ಟಿ ಸತ್ತವು. ಅಲ್ಲಿನ ರಾಜ್ಯ ಮಂಡಳಿ ಕಾರ್ಖಾನೆಗೆ 5 ಕೋಟಿ ರೂಪಾಯಿ ದಂಡ ವಿಧಿಸಿತು. ಬೆಲ್ಲದ ಪಾಕದಂಥ ವಸ್ತುವೂ ನದಿಯೊಂದನ್ನು ಉಸಿರುಗಟ್ಟಿಸಬಲ್ಲದು.

ಕೊಳೆಯುವ ಕೆಲಸ ತಕ್ಷಣ ಮುಗಿಯುವುದಿಲ್ಲ; ಅದಕ್ಕೆ ದಿನಗಳು ಬೇಕು. ಅಷ್ಟರಲ್ಲಿ ನೀರು ಮುಂದೆ ಸಾಗಿರುತ್ತದೆ. ಆದ್ದರಿಂದ ಆಮ್ಲಜನಕ ತೀರಾ ಕುಸಿಯುವ ಜಾಗ ಕೊಳವೆಯ ಬಾಯಲ್ಲಿರದೆ ಕೆಲವು ಮೈಲಿ ಕೆಳಗಿರುತ್ತದೆ. ಮೀನು ಸತ್ತ ಊರಿನವರು ತಮ್ಮ ದಡದಲ್ಲೇ ಕಾರಣವನ್ನು ಹುಡುಕಿ ಸೋಲುವುದು ಇದರಿಂದಲೇ. ಹೊತ್ತಿನ ಲೆಕ್ಕವೂ ಉಂಟು. ಹಗಲಿನಲ್ಲಿ ಪಾಚಿ ಮತ್ತು ಜಲಸಸ್ಯಗಳು ಬಿಸಿಲಿನಿಂದ ಆಮ್ಲಜನಕವನ್ನು ತಯಾರಿಸುತ್ತವೆ. ರಾತ್ರಿ ಅವೂ ಉಸಿರಾಡಿ ಅದನ್ನು ಖರ್ಚು ಮಾಡುತ್ತವೆ. ಹೀಗಾಗಿ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮೊದಲು. ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ಬೆಸ್ತರು ಕಾಣುವುದು ಆ ಹೊತ್ತಿನಲ್ಲೇ. ಮಧ್ಯಾಹ್ನ ಹೋಗಿ ನೀರು ತುಂಬಿಕೊಂಡ ನಾನು ಹೊಳೆಯ ಕಷ್ಟದ ಹೊತ್ತು ಕಳೆದ ಮೇಲೆ ಹೋಗಿದ್ದೆ.

ನನ್ನ ಬಾಟಲಿಯ ಉಳಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮುಕ್ಕಾಲು ತುಂಬಿದ ಬಾಟಲಿಯ ಮೇಲ್ಭಾಗದ ಗಾಳಿಯಿಂದ ನೀರಿಗೆ ಹೊಸ ಆಮ್ಲಜನಕ ಸೇರುತ್ತದೆ. ಕರಗಿದ ಆಮ್ಲಜನಕ ಅಳೆಯಬೇಕಾದರೆ ಗಾಜಿನ ಮುಚ್ಚಳದ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ದಡದಲ್ಲೇ ಮ್ಯಾಂಗನಸ್ ಸಲ್ಫೇಟನ್ನೂ ಕ್ಷಾರಯುಕ್ತ ಅಯೋಡೈಡನ್ನೂ ಹಾಕಬೇಕು. ಆಮ್ಲಜನಕವಿದ್ದರೆ ಕಂದು ಗಷ್ಟು ಕೂರುತ್ತದೆ, ಇಲ್ಲದಿದ್ದರೆ ಬಿಳಿಯದು. ಬಿಒಡಿಗೆ ಬೇರೆ ಮಾದರಿ ಬೇಕು. ಅದನ್ನು ತಂಪಿನಲ್ಲಿ, ಕತ್ತಲಲ್ಲಿ ಇರಿಸಿ ಬೇಗನೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ನಮ್ಮ ದೇಶದ ವಿಧಾನದಂತೆ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡಿದ ಮೇಲೆಯೇ ಅದರ ಫಲಿತಾಂಶ. ನನ್ನ ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯ ಜಿಡ್ಡಿಗೂ ತನ್ನದೇ ಬಿಒಡಿ ಇತ್ತು!

ಇಷ್ಟೆಲ್ಲ ಸರಿಯಾಗಿದ್ದರೂ ಕಾನೂನಿನ ಕಣ್ಣಿಗೆ ಆ ಬಾಟಲಿ ಸಾಕ್ಷಿಯಾಗುತ್ತಿರಲಿಲ್ಲ. 1974ರ ಜಲ ಮಾಲಿನ್ಯ ಕಾಯಿದೆಯ 21ನೆಯ ಕಲಮು ಕಾರ್ಖಾನೆಯ ತ್ಯಾಜ್ಯ ನೀರಿನ ಮಾದರಿಯನ್ನು ಹೇಗೆ ತೆಗೆಯಬೇಕೆಂದು ವಿವರಿಸುತ್ತದೆ. ಮಂಡಳಿಯ ಅಧಿಕಾರಿ ಕಾರ್ಖಾನೆಯವರಿಗೆ ಅಲ್ಲೇ ನೋಟಿಸು ಕೊಟ್ಟು, ಅವರ ಎದುರಿನಲ್ಲಿ ಮಾದರಿಯನ್ನು ಎರಡು ಪಾಲು ಮಾಡಿ, ಮುದ್ರೆ ಹಾಕಿ, ಸಹಿ ಮಾಡಿಸಿ, ನಿಗದಿತ ಪ್ರಯೋಗಾಲಯಕ್ಕೆ ಕಳಿಸಬೇಕು. ಹೀಗೆ ತೆಗೆಯದ ಮಾದರಿಯ ಫಲಿತಾಂಶ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆ ಅಧಿಕಾರಿ "ಏನೂ ಆಗೋದಿಲ್ಲ" ಎಂದದ್ದರ ಅರ್ಥ ಇದು.

ಹಾಗಾದರೆ ಸರ್ಕಾರದ ಕಣ್ಣು ಹೊಳೆಯ ಮೇಲೆ ಇಲ್ಲವೇ? ಇದೆ, ಎರಡು ಬಗೆಯಲ್ಲಿ. ಮೊದಲನೆಯದು ನದಿಯಲ್ಲಿ. ದೇಶದಾದ್ಯಂತ ನಾಲ್ಕು ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿ ರಾಜ್ಯ ಮಂಡಳಿಗಳು ನೀರಿನ ಮಾದರಿ ತೆಗೆಯುತ್ತವೆ. ನದಿಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ನದಿಯೊಂದು ವರ್ಷದಿಂದ ವರ್ಷಕ್ಕೆ ಕೆಡುತ್ತಿದೆಯೇ ಎಂದು ತಿಳಿಯಲು ಇದು ಸಾಕು. ಆದರೆ ತಿಂಗಳಿಗೆ 720 ಗಂಟೆಗಳು. ಮಾದರಿ ತೆಗೆಯುವುದು ಅದರಲ್ಲಿ ಯಾವುದೋ ಒಂದು ಹಗಲಿನ ಗಳಿಗೆಯಲ್ಲಿ. ನಡುರಾತ್ರಿ ಎರಡು ಗಂಟೆಯ ಕಾಲ ಹರಿದುಹೋದದ್ದು ಆ ಬಾಟಲಿಗೆ ಸಿಗುವ ಸಂಭವ ಎಷ್ಟು ಎಂಬುದನ್ನು ಲೆಕ್ಕದ ಮೇಷ್ಟ್ರ ಶಿಷ್ಯರಾದ ನೀವೇ ಹೇಳಬಲ್ಲಿರಿ.

ಎರಡನೆಯದು ಕಾರ್ಖಾನೆಯ ಬಾಗಿಲಲ್ಲಿ. 2014ರ ಫೆಬ್ರವರಿಯಲ್ಲಿ ಕೇಂದ್ರ ಮಂಡಳಿಯು, ಸಕ್ಕರೆ, ಡಿಸ್ಟಿಲರಿ, ಕಾಗದ, ಚರ್ಮ ಹದಗೊಳಿಸುವ ಘಟಕಗಳೂ ಸೇರಿದಂತೆ 17 ಬಗೆಯ ಅತಿ ಮಾಲಿನ್ಯಕಾರಿ ಉದ್ದಿಮೆಗಳು ಸ್ವಯಂಚಾಲಿತ ಮಾಪಕಗಳನ್ನು ಅಳವಡಿಸಬೇಕೆಂದು ಆದೇಶಿಸಿತು. ಈ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ತ್ಯಾಜ್ಯ ನೀರಿನ ಅಂಕಿಗಳನ್ನು ಮಂಡಳಿಯ ಕಂಪ್ಯೂಟರಿಗೆ ಕಳಿಸುತ್ತವೆ. ಬಹಳ ದೊಡ್ಡ ಹೆಜ್ಜೆಯೇ. ಆದರೆ ಮಾಪಕ ಇರುವುದು ಒಂದು ಕೊಳವೆಯ ಬಾಯಲ್ಲಿ. ಅದು ಅಳೆಯುವುದು ತನ್ನೆದುರು ಹರಿದದ್ದನ್ನು ಮಾತ್ರ. ಕಾಕಂಬಿಯ ಡಿಸ್ಟಿಲರಿಗಳು ಇಂದು ಒಂದು ಹನಿಯನ್ನೂ ಹೊರಬಿಡುವಂತಿಲ್ಲ. ಸ್ಪೆಂಟ್ ವಾಶನ್ನು ಒಣಗಿಸಿ ಸುಡಬೇಕು ಅಥವಾ ಸಕ್ಕರೆ ಕಾರ್ಖಾನೆಯ ಮಡ್ಡಿಯೊಂದಿಗೆ ಬೆರೆಸಿ ಗೊಬ್ಬರ ಮಾಡಬೇಕು. ಅಷ್ಟರವರೆಗೆ ಅದನ್ನು ದೊಡ್ಡ ಹೊಂಡಗಳಲ್ಲಿ ಕೂಡಿಡುತ್ತಾರೆ. ಹೊಂಡ ತುಂಬಿ ಕಟ್ಟೆ ಒಡೆದರೆ, ತಳದಲ್ಲಿ ಸೋರಿದರೆ, ಅಥವಾ ಟ್ಯಾಂಕರೊಂದು ಕತ್ತಲಲ್ಲಿ ಹಳ್ಳದ ಬದಿ ನಿಂತರೆ, ಕೊಳವೆಯ ಮಾಪಕ ಅದನ್ನು ಕಾಣುವುದಿಲ್ಲ. ಮಂಡಳಿಯ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಆ ಹೊತ್ತಿನಲ್ಲಿ ಹೊಳೆಯ ಬಳಿ ಇರುವವರು ಯಾರು? ಬಟ್ಟೆ ಒಗೆಯಲು ಬಂದವರು, ದನ ಕಾಯುವವರು, ಬಲೆ ಎತ್ತಲು ಬಂದ ಬೆಸ್ತರು. ಅವರ ಕೈಯಲ್ಲಿರುವ ದೊಡ್ಡ ಸಾಕ್ಷಿ ನೀರಿನ ಬಾಟಲಿಯಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಏನನ್ನು ಕಂಡೆವು ಎಂಬ ಮಾಹಿತಿ. ಅದು ಬೇಗ ತಲುಪಿದರೆ ಅಧಿಕಾರಿ ಬಂದು ಮುದ್ರೆಯ ಮಾದರಿ ತೆಗೆಯಬಹುದು. ತಡವಾದರೆ ಇಲ್ಲ. ಸೆಕೆಂಡಿಗೆ ಒಂದು ಅಡಿಯಂತೆ ನಿಧಾನವಾಗಿ ಸಾಗುವ ಹೊಳೆಯೂ ಇಪ್ಪತ್ತನಾಲ್ಕು ಗಂಟೆಯಲ್ಲಿ ಹದಿನಾರು ಮೈಲಿ ದಾಟಿರುತ್ತದೆ. 1996ರಲ್ಲಿ ನಾನು ಕಚೇರಿಗೆ ಹೋದ ಶನಿವಾರದ ಹೊತ್ತಿಗೆ ಆ ಕಂದು ನೀರು ಎರಡು ತಾಲ್ಲೂಕುಗಳನ್ನು ದಾಟಿತ್ತು.

ಕಳೆದ ಬೇಸಿಗೆ ಫೋನು ಮಾಡಿದಾಗ ನನ್ನ ಶಿಷ್ಯ ಹೊಳೆಯ ದಡದಲ್ಲೇ ನಿಂತಿದ್ದ. ಗಂಟೆ ಆರೂ ಹತ್ತು. ನಾನು ಅವನಿಗೆ ಹೇಳಿದ್ದಿಷ್ಟು: "ಮೊದಲು ಮಂಡಳಿಯ ಜಿಲ್ಲಾ ಪ್ರಾದೇಶಿಕ ಕಚೇರಿಗೆ ತಿಳಿಸು. ಆಮೇಲೆ ಹೊಳೆಯ ಗುಂಟ ಮೇಲಕ್ಕೆ ಹೋಗು. ಕಂದು ನೀರು ಎಲ್ಲಿ ಸೇರುತ್ತದೋ ಅಲ್ಲಿವರೆಗೂ. ಯಾರ ಕಾಂಪೌಂಡೂ ಹತ್ತಬೇಡ."

ಅವನು ನನಗಿಂತ ಚೆನ್ನಾಗಿ ಮಾಡಿದ. ಮೂರು ಮೈಲಿ ಮೇಲೆ ಒಂದು ಹಳ್ಳ ಹೊಳೆಗೆ ಸೇರುವಲ್ಲಿ ಬಣ್ಣ ಬದಲಾಗುತ್ತಿತ್ತು. ಆ ಕೂಡಲಿನ ಮೇಲ್ಗಡೆಯ ತಿಳಿನೀರು, ಕೆಳಗಡೆಯ ಕಂದು ನೀರು, ಹಳ್ಳದ ಬಾಯಿ, ಹೀಗೆ ಮೂರು ಚಿತ್ರಗಳನ್ನು, ಹಿನ್ನೆಲೆಯಲ್ಲಿ ಗುರುತು ಸಿಗುವಂತೆ ಸೇತುವೆಯೂ ಬರುವ ಹಾಗೆ ತೆಗೆದ. ಸ್ಥಳದ ಗುರುತನ್ನು ಫೋನಿನ ನಕ್ಷೆಯಿಂದ ಸೇರಿಸಿದ. ಮೇಲಿನ ನೀರಿನ ಚಿತ್ರವಿಲ್ಲದಿದ್ದರೆ, "ನಿಮ್ಮ ಹೊಳೆಯ ಬಣ್ಣವೇ ಹಾಗೆ" ಎಂದು ಯಾರಾದರೂ ಹೇಳಬಹುದಿತ್ತು.

ಸತ್ತ ಮೀನುಗಳನ್ನೂ ಅವನು ಬೆಸ್ತರ ಕಣ್ಣಿನಿಂದ ನೋಡಿದ. ದೊಡ್ಡ ಮೀನುಗಳು ಮೊದಲು ಸತ್ತಿದ್ದವು; ಸಣ್ಣವು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು; ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕೊರವ ಮೀನು ಮಾತ್ರ ಓಡಾಡುತ್ತಿತ್ತು. ಇದು ಉಸಿರುಗಟ್ಟಿದ ಹೊಳೆಯ ಲಕ್ಷಣ. ಕೀಟನಾಶಕದಂಥ ವಿಷ ಬೆರೆತಿದ್ದರೆ ಸಾಮಾನ್ಯವಾಗಿ ಹಗಲು ರಾತ್ರಿಯೆನ್ನದೆ ಸಣ್ಣದು ದೊಡ್ಡದೆಲ್ಲ ಒಟ್ಟಿಗೆ ಸಾಯುತ್ತವೆ. ಇದು ಖಚಿತ ಪರೀಕ್ಷೆಯಲ್ಲ. ಪಾಚಿ ಹೆಚ್ಚಾದ ನೀರಿನಲ್ಲೂ ಮುಂಜಾನೆ ಮೀನು ಉಸಿರುಗಟ್ಟಬಹುದು. ಆದರೆ ಏನನ್ನು ಅಳೆಯಬೇಕೆಂದು ಬರುವ ಅಧಿಕಾರಿಗೆ ಇದರಿಂದ ಸುಳಿವು ಸಿಗುತ್ತದೆ. ಆ ಮೀನನ್ನು ಯಾರೂ ತಿನ್ನದಂತೆ, ದನಗಳಿಗೆ ಆ ನೀರು ಕುಡಿಸದಂತೆ ಅವನು ಊರಿನಲ್ಲಿ ಹೇಳಿಸಿದ.

ನಂತರ ದೂರನ್ನು ಬರೆದು ನನಗೆ ಓದಿ ಹೇಳಿದ. ಮೊದಲ ಸಾಲಿನಲ್ಲಿ, "ಕಾರ್ಖಾನೆಯವರು ರಾತ್ರಿ ವಿಷ ಬಿಟ್ಟಿದ್ದಾರೆ" ಎಂದಿತ್ತು.

"ನೀನು ಕಂಡೆಯಾ?" ಎಂದೆ.

"ಇಲ್ಲ ಮೇಷ್ಟ್ರೇ. ಆದರೆ ಇನ್ಯಾರು ಬಿಡ್ತಾರೆ?"

"ಕಂಡದ್ದನ್ನು ಬರಿ. ಹುಡುಕೋದು ಅವರ ಕೆಲಸ."

ಅವನು ತಿದ್ದಿದ. ಬೆಳಿಗ್ಗೆ 6.10ಕ್ಕೆ ಇಂಥ ಸೇತುವೆಯ ಕೆಳಗೆ ಮೀನುಗಳು ಸತ್ತಿದ್ದವು; 7.25ಕ್ಕೆ ಇಂಥ ಹಳ್ಳದಿಂದ ಕಂದು ಬಣ್ಣದ, ಕೊಳೆತ ಬೆಲ್ಲದ ವಾಸನೆಯ, ಮುಟ್ಟಿದರೆ ಬೆಚ್ಚಗಿನ ನೀರು ಹರಿಯುತ್ತಿತ್ತು, ಈಗಲೂ ಹರಿಯುತ್ತಿದೆ. ಆ ಕೊನೆಯ ಎರಡು ಪದಗಳು ಕಚೇರಿಯ ಜೀಪನ್ನು ಹೊರಡಿಸಿದವೆಂದು ನಾನು ನಂಬಿದ್ದೇನೆ. ದೂರಿನ ಪ್ರತಿಗಳನ್ನು ಜಿಲ್ಲಾಧಿಕಾರಿಗೂ ಮೀನುಗಾರಿಕೆ ಇಲಾಖೆಗೂ ಕಳಿಸಿ, ಸ್ವೀಕೃತಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡ. ಹನ್ನೊಂದು ಗಂಟೆಗೆ ಅಧಿಕಾರಿಗಳು ಬಂದರು. ಹಳ್ಳದ ಗುಂಟ ನಡೆದು ಒಂದು ಹೊಂಡದ ಕಟ್ಟೆಯವರೆಗೆ ಹೋದರು. ಈ ಬಾರಿ ಬಾಟಲಿಗಳಿಗೆ ಮುದ್ರೆ ಬಿತ್ತು.

ಫಲಿತಾಂಶ ತಾನಾಗಿ ಬರಲಿಲ್ಲ. ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಎರಡು ಕಾಗದಗಳನ್ನು ಕೇಳುವಂತೆ ನಾನು ಹೇಳಿದೆ: ಆ ದಿನದ ಮಾದರಿಯ ವಿಶ್ಲೇಷಣಾ ವರದಿ, ಮತ್ತು ಆ ಉದ್ದಿಮೆಗೆ ಮಂಡಳಿ ಕೊಟ್ಟಿರುವ ಸಮ್ಮತಿ ಪತ್ರ. ಎಷ್ಟು ನೀರು, ಎಲ್ಲಿಗೆ, ಯಾವ ಗುಣಮಟ್ಟದಲ್ಲಿ ಎಂಬ ಷರತ್ತುಗಳೆಲ್ಲ ಸಮ್ಮತಿ ಪತ್ರದಲ್ಲಿ ಇರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ತಪ್ಪು ಯಾವುದೆಂದು ತಿಳಿಯುತ್ತದೆ. ಹಳ್ಳದ ನೀರಿನ ಬಿಒಡಿ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಹೊಂಡದ ಕಟ್ಟೆ ಸೋರಿತ್ತೆಂದು ವರದಿಯಲ್ಲಿತ್ತು. ಮಂಡಳಿ ನೋಟಿಸು ಕೊಟ್ಟಿತು, ಕಟ್ಟೆ ದುರಸ್ತಿಯಾಯಿತು, ಮುಂದಿನದು ಇನ್ನೂ ಕಡತದಲ್ಲಿದೆ. ಅಲ್ಲಿ ನ್ಯಾಯ ಸಿಗದಿದ್ದರೆ ಚೆನ್ನೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯದ ಪೀಠವಿದೆ. ಸಾಮಾನ್ಯವಾಗಿ ಘಟನೆಯಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ದಿನಾಂಕ ಬರೆದಿಡಿ ಎನ್ನುವುದು ಅದಕ್ಕೂ ಸೇರಿಯೇ.

ಕೊನೆಯದಾಗಿ, 1996ರ ಕಥೆಯಲ್ಲಿ ನಾನು ಬಿಟ್ಟ ಒಂದು ಭಾಗವನ್ನು ಹೇಳಲೇಬೇಕು. ಬಾಟಲಿಯೊಂದಿಗೆ ಸೋತು ಬಂದ ಮೇಲೆ ಮತ್ತೊಮ್ಮೆ ಲಿಖಿತ ದೂರು ಕೊಡಬಹುದಿತ್ತು. ಕೊಡಲಿಲ್ಲ. ನಮ್ಮ ಶಾಲೆಯ ನಲವತ್ತು ಬೆಂಚುಗಳನ್ನು ಕೊಟ್ಟವರು ಅದೇ ಕಾರ್ಖಾನೆಯವರು. ಪ್ರತಿ ಬೆಂಚಿನ ಬೆನ್ನ ಮೇಲೆ ಅವರ ಹೆಸರಿತ್ತು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ಸೈನ್ಸ್ ಲ್ಯಾಬಿಗೂ ಕೇಳಿದ್ದೇವೆ" ಎಂದಷ್ಟೇ ಹೇಳಿದರು. ನನಗೆ ಅಷ್ಟೇ ಸಾಕಾಯಿತು. ಹುಡುಗ ಮತ್ತೆ ಕೇಳಿದಾಗ, "ಪರೀಕ್ಷೆ ಹತ್ತಿರ ಬಂತು, ಓದಿಕೋ" ಎಂದೆ. ಆ ಬೇಸಿಗೆ ಅವನ ತಂದೆ ಬಲೆಯನ್ನು ಮಡಿಸಿಟ್ಟು ಬೆಂಗಳೂರಿಗೆ ಕಾವಲುಗಾರರಾಗಿ ಹೋದರು. ಅವರು ಮತ್ತೆ ಹೊಳೆಗೆ ಇಳಿಯಲಿಲ್ಲ. ನಾನು ಪುರಾವೆ ಇಲ್ಲದವನು. ಅದಕ್ಕೇ ಆ ಹೆಸರುಗಳನ್ನು ಇಂದು ಬರೆಯುವ ಹಕ್ಕು ನನಗಿಲ್ಲ.

ಕಾಗದಗಳೆಲ್ಲ ಕೈಸೇರಿದ ದಿನ ಶಿಷ್ಯ ಮನೆಗೆ ಬಂದಿದ್ದ. ಚಹಾ ಕುಡಿದು, ವಿಶ್ಲೇಷಣಾ ವರದಿಯನ್ನು ನನ್ನ ಮುಂದಿಟ್ಟು, ಬಿಒಡಿ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. "ಮೇಷ್ಟ್ರೇ, ಆವತ್ತು ಕೇಳಿದ್ದೆನಲ್ಲ. ಇಷ್ಟು" ಎಂದ.